ವಿಲ್ ಬರೆದಾಯ್ತು, ಅದನ್ನು ಇಡೋದು ಎಲ್ಲಿ?

ಯಾರಿಗೆ ಏನು ಕೊಡಬೇಕು ಅಂತ ವರ್ಷಗಟ್ಟಲೆ ಲೆಕ್ಕ ಹಾಕಿ ವಿಲ್ ಬರೆಸುವವರೇ, ಸಹಿ ಬಿದ್ದ ದಿನ ಆ ಕಾಗದವನ್ನು ಬೀರುವಿನಲ್ಲಿ ಹಳೇ ಎಲ್‌ಐಸಿ ಬಾಂಡುಗಳ ನಡುವೆ ತುರುಕಿ ಸುಮ್ಮನಾಗಿಬಿಡುತ್ತಾರೆ. ಮನೆಯವರಿಗೆ ಹೇಳಿರುವುದಿಲ್ಲ. ಹೇಳಿದರೆ "ಅದರಲ್ಲಿ ಏನಿದೆ?" ಅನ್ನೋ ಪ್ರಶ್ನೆ ಬರುತ್ತದೆ, ಆ ರಗಳೆ ಬೇಡ ಅಂತ.

ಆಮೇಲೆ ಆಗುವುದು ಇಷ್ಟು. ಅವರು ತೀರಿಕೊಳ್ಳುತ್ತಾರೆ. ವಿಲ್ ಇರುವುದು ಯಾರಿಗೂ ಗೊತ್ತಿಲ್ಲ. ಮಕ್ಕಳು ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ ಅರ್ಜಿ ಹಾಕುತ್ತಾರೆ. ಪಹಣಿಯಲ್ಲಿ ಎಲ್ಲರ ಹೆಸರೂ ಜಂಟಿಯಾಗಿ ಕೂರುತ್ತದೆ. ಒಬ್ಬರು ತಮ್ಮ ಪಾಲು ಮಾರಿಕೊಳ್ಳುತ್ತಾರೆ. ನಾಲ್ಕು ವರ್ಷ ಬಿಟ್ಟು ಮನೆಗೆ ಸುಣ್ಣಬಣ್ಣ ಮಾಡಿಸುವಾಗ ವಿಲ್ ಸಿಗುತ್ತದೆ, ಅದರಲ್ಲಿ ಬೇರೆಯೇ ಹಂಚಿಕೆ ಇರುತ್ತದೆ. ಅಲ್ಲಿಂದ ಮುಂದೆ ಕೋರ್ಟಿನ ದಾರಿ.

ಹಾಗಾಗಿ ಈ ಲೇಖನದಲ್ಲಿ ವಿಲ್ ಬರೆಯುವುದು ಹೇಗೆ ಅನ್ನುವ ಗೋಜಿಗೆ ಹೋಗುವುದಿಲ್ಲ. ಬರೆದ ಕಾಗದವನ್ನು ಎಲ್ಲಿಡಬೇಕು, ಅದು ಅಲ್ಲಿದೆ ಅಂತ ಯಾರಿಗೆ ಹೇಗೆ ತಿಳಿಸಬೇಕು, ಅಷ್ಟನ್ನೇ ನೋಡೋಣ. ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ತೀರ್ಥಹಳ್ಳಿ ಕಡೆಯ ಒಬ್ಬರು ನಿವೃತ್ತ ಮೇಷ್ಟ್ರು. ಮೂರು ಎಕರೆ ಅಡಿಕೆ ತೋಟ, ಶಿವಮೊಗ್ಗದಲ್ಲಿ ಒಂದು ಮನೆ, ಬ್ಯಾಂಕಿನಲ್ಲಿ ಸ್ವಲ್ಪ ಠೇವಣಿ, ಎಲ್ಲಾ ಸ್ವಂತ ಸಂಪಾದನೆ. ಹೆಂಡತಿ ಜೊತೆಗಿದ್ದಾರೆ. ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ. ತಂಗಿಯ ಮಗ ಶಿವಮೊಗ್ಗದಲ್ಲೇ ಇದ್ದಾನೆ. ಅವನನ್ನು ಎಕ್ಸಿಕ್ಯೂಟರ್ ಮಾಡಿದ್ದಾರೆ, ಅಂದರೆ ವಿಲ್‌ನಲ್ಲಿ ಇದ್ದದ್ದನ್ನು ಜಾರಿ ಮಾಡುವ ಜವಾಬ್ದಾರಿ ಅವನದು.

ಮೊದಲು ಕಾಗದವನ್ನೇ ಸರಿ ಮಾಡಿಕೊಳ್ಳಿ

ಸಹಿ ಮಾಡಿದ ಮೂಲ ಪ್ರತಿ ಒಂದೇ ಇರಲಿ. "ಒಂದು ಮನೆಯಲ್ಲಿ, ಒಂದು ಮಗನ ಹತ್ತಿರ" ಅಂತ ಎರಡಕ್ಕೆ ಸಹಿ ಹಾಕುವವರಿದ್ದಾರೆ. ಮುಂದೆ ಅದರಲ್ಲಿ ಒಂದು ಸಿಗದೇ ಹೋದರೆ, ಅಥವಾ ಒಂದರಲ್ಲಿ ಮಾತ್ರ ಏನೋ ತಿದ್ದುಪಡಿ ಇದ್ದರೆ, ಯಾವುದು ನಿಜವಾದ ವಿಲ್ ಅನ್ನುವ ತಕರಾರು ತಪ್ಪಿದ್ದಲ್ಲ. ಬೇಕಿದ್ದರೆ ಜೆರಾಕ್ಸ್ ಎಷ್ಟಾದರೂ ತೆಗೆಸಿ, ಪ್ರತಿ ಪುಟದ ಮೇಲೂ ದೊಡ್ಡದಾಗಿ "ನಕಲು" ಅಂತ ಬರೆಯಿರಿ, ಮೂಲ ಎಲ್ಲಿದೆ ಅನ್ನುವುದನ್ನೂ ಅಲ್ಲೇ ಬರೆಯಿರಿ.

ಲ್ಯಾಮಿನೇಷನ್ ಮಾತ್ರ ಬೇಡ. ಸಹಿ ನನ್ನ ಅಪ್ಪನದಲ್ಲ ಅಂತ ಯಾರಾದರೂ ತಗಾದೆ ತೆಗೆದರೆ ಕಾಗದ, ಶಾಯಿ, ಪೆನ್ನಿನ ಒತ್ತು ಇವನ್ನೆಲ್ಲ ತಜ್ಞರು ಪರೀಕ್ಷೆ ಮಾಡಬೇಕಾಗುತ್ತದೆ. ಪ್ಲಾಸ್ಟಿಕ್ಕಿನೊಳಗೆ ಬೆಸೆದುಹೋದ ಕಾಗದದಲ್ಲಿ ಅದು ಕಷ್ಟ. ಸ್ಟೇಷನರಿ ಅಂಗಡಿಯ ಅಗ್ಗದ ಪಾರದರ್ಶಕ ಪ್ಲಾಸ್ಟಿಕ್ ಫೋಲ್ಡರ್ ಕೂಡ ಒಳ್ಳೆಯದಲ್ಲ. ನಾಲ್ಕಾರು ವರ್ಷ ಅದರಲ್ಲೇ ಇದ್ದರೆ ಪ್ರಿಂಟಿನ ಅಕ್ಷರ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು, ಕಾಗದ ಎಳೆದಾಗ ಅಕ್ಷರವೂ ಕಿತ್ತು ಬರುತ್ತದೆ. ಹಳೇ ಮಾರ್ಕ್ಸ್ ಕಾರ್ಡು ತೆಗೆದವರಿಗೆ ಇದು ಗೊತ್ತಿರುತ್ತದೆ. ದಪ್ಪ ಕಾಗದದ ಲಕೋಟೆ ಸಾಕು. ಮಲೆನಾಡು, ಕರಾವಳಿಯ ಮನೆಯಾದರೆ ಆ ಲಕೋಟೆಯನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಡಿ. ಗೋಡೆಗೆ ತಾಗಿದ ಮರದ ಕಪಾಟಿನಲ್ಲಿ ಬೇಡ. ಮಳೆಗಾಲದ ತೇವ ಒಂದು ಕಡೆ, ಗೆದ್ದಲು ಇನ್ನೊಂದು ಕಡೆ.

ಜಾಗ ಆರಿಸುವಾಗ ಕೇಳಬೇಕಾದ ಎರಡು ಪ್ರಶ್ನೆ

ಒಂದು: ನಾನು ಹೋದ ಮೇಲೆ ಆ ಜಾಗವನ್ನು ತೆರೆಯಲು ಈ ವಿಲ್ಲೇ ಬೇಕಾಗುತ್ತದಾ? ಎರಡು: ಈ ಕಾಗದ ಮಾಯವಾದರೆ ಲಾಭ ಯಾರಿಗೆ, ಮತ್ತು ಅವರ ಕೈಗೆ ಅದು ಸುಲಭವಾಗಿ ಸಿಗುತ್ತದಾ?

ಈ ಎರಡನ್ನೂ ಬ್ಯಾಂಕ್ ಲಾಕರಿಗೆ ಹಾಕಿ ನೋಡಿ. ಲಾಕರ್ ಅಂದರೆ ಅತಿ ಭದ್ರ ಅಂತ ಎಲ್ಲರ ನಂಬಿಕೆ. ಬದುಕಿರುವವರೆಗೆ ಅದು ನಿಜವೂ ಹೌದು. ಮೇಷ್ಟ್ರ ಒಬ್ಬರ ಹೆಸರಿನಲ್ಲೇ ಲಾಕರ್ ಇದೆ, ನಾಮಿನಿ ಇಲ್ಲ ಅಂದುಕೊಳ್ಳಿ. ಅವರು ತೀರಿಕೊಂಡ ವಿಷಯ ತಿಳಿದ ಮೇಲೆ ಬ್ಯಾಂಕು ಯಾರನ್ನೂ ಸುಮ್ಮನೆ ಒಳಗೆ ಬಿಡುವುದಿಲ್ಲ. ವಾರಸುದಾರರು ಯಾರು, ಕಾಗದ ಏನಿದೆ, ವಿಲ್ ಇದೆಯಾ ಅಂತ ಕೇಳುತ್ತದೆ. ವಿಲ್ ಇರುವುದು ಅದೇ ಲಾಕರಿನ ಒಳಗೆ! ಎಲ್ಲ ವಾರಸುದಾರರೂ ಒಟ್ಟಿಗೆ ಬಂದು ಸಹಿ ಹಾಕಿದರೆ ದಾರಿ ಸಿಗಬಹುದು. ಮಗಳು ಅಮೆರಿಕದಲ್ಲಿದ್ದರೆ ಅದಕ್ಕೇ ತಿಂಗಳು ಹಿಡಿಯುತ್ತದೆ.

ನಾಮಿನಿ ಇದ್ದರೆ, ಅಥವಾ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ "ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು" ಅನ್ನುವ ಷರತ್ತಿನ ಮೇಲೆ ಲಾಕರ್ ಇದ್ದರೆ ಕೆಲಸ ಸಲೀಸು. ಕಾಗದಪತ್ರ ಸರಿಯಿದ್ದರೆ ಇಂಥ ಕ್ಲೇಮನ್ನು 15 ದಿನದೊಳಗೆ ಮುಗಿಸಬೇಕು ಅಂತ ರಿಸರ್ವ್ ಬ್ಯಾಂಕಿನ ಲಾಕರ್ ನಿಯಮ ಹೇಳುತ್ತದೆ. ಒಳಗಿದ್ದ ವಸ್ತುಗಳ ಪಟ್ಟಿಯನ್ನೂ ಸಾಕ್ಷಿಗಳ ಎದುರು ಮಾಡುತ್ತಾರೆ. ಆದರೆ ಈಗ ಎರಡನೇ ಪ್ರಶ್ನೆ ಕೇಳಿ. ಮಗನೇ ನಾಮಿನಿ, ವಿಲ್‌ನಲ್ಲಿ ಮನೆ ಮಗಳಿಗೆ ಹೋಗಿದೆ. ಲಾಕರಿನಿಂದ ಬಂದ ಲಕೋಟೆಯನ್ನು ಮೊದಲು ಬಿಚ್ಚುವವನು ಮಗ. ಅವನು ಎಷ್ಟೇ ಸಾಚಾ ಆದರೂ ಆ ಸಂದರ್ಭಕ್ಕೆ ಅವನನ್ನು ದೂಡುವುದು ಯಾಕೆ? ಒಟ್ಟಿನಲ್ಲಿ ಲಾಕರಿನಲ್ಲೇ ಇಡುವುದಾದರೆ ಜಂಟಿ ಹೆಸರಿನ ಲಾಕರ್ ಇರಲಿ, ನಾಮಿನೇಷನ್ ರಸೀದಿ ಕೈಯಲ್ಲಿರಲಿ. ಇಲ್ಲದಿದ್ದರೆ ಲಾಕರಿನಲ್ಲಿ ಒಡವೆ ಮಾತ್ರ ಇಡಿ.

ಮನೆಯಲ್ಲಿ ಇಡುವುದು ತಪ್ಪೇನಲ್ಲ. ಗಂಡ ಎಲ್ಲವನ್ನೂ ಹೆಂಡತಿಗೇ ಬರೆದಿದ್ದಾರೆ, ಮಕ್ಕಳದೂ ತಕರಾರಿಲ್ಲ ಅಂದರೆ ಬೀರುವೇ ಸಾಕು. ತೊಂದರೆ ಬರುವುದು ಹಂಚಿಕೆ ಸಮ ಇಲ್ಲದಾಗ. ಕಾನೂನಿನಲ್ಲಿ ವಿಲ್ ರದ್ದು ಮಾಡುವ ಒಂದು ವಿಧಾನವೇ ಅದನ್ನು ಬರೆದವರು ಬೇಕೆಂದೇ ಸುಡುವುದು, ಹರಿಯುವುದು. ಭಾರತೀಯ ಉತ್ತರಾಧಿಕಾರ ಕಾಯ್ದೆಯ 70ನೇ ಸೆಕ್ಷನ್ ಇದನ್ನು ಹೇಳುತ್ತದೆ. ಆದ್ದರಿಂದ ಮೂಲ ಕಾಗದ ಕೊನೆಯವರೆಗೂ ಅಪ್ಪನ ಹತ್ತಿರವೇ ಇತ್ತು, ಈಗ ಸಿಗುತ್ತಿಲ್ಲ ಅಂದರೆ, "ಅವರೇ ಮನಸ್ಸು ಬದಲಾಯಿಸಿ ಹರಿದುಹಾಕಿರಬೇಕು" ಅಂತ ವಾದ ಮಾಡಲು ಜಾಗ ಸಿಕ್ಕಿಬಿಡುತ್ತದೆ. ಅದೇ ಕಾಯ್ದೆಯ 237ನೇ ಸೆಕ್ಷನ್ ಪ್ರಕಾರ, ವಿಲ್ ಕಳೆದದ್ದು ಬರೆದವರು ತೀರಿಕೊಂಡ ಮೇಲೆ, ಅಥವಾ ಅದು ಹಾಳಾದದ್ದು ಆಕಸ್ಮಿಕವಾಗಿ ಇಲ್ಲವೇ ಬೇರೆಯವರ ತಪ್ಪಿನಿಂದ ಅಂತ ತೋರಿಸಿದರೆ, ಉಳಿದಿರುವ ನಕಲಿನ ಮೇಲೂ ಕೋರ್ಟು ಪ್ರೊಬೇಟ್, ಅಂದರೆ ಆ ವಿಲ್‌ಗೆ ಅಧಿಕೃತ ಮಾನ್ಯತೆ, ಕೊಡಬಹುದು. ಅಷ್ಟನ್ನು ತೋರಿಸುವ ಹೊರೆ ಮಾತ್ರ ನಿಮ್ಮ ಮಕ್ಕಳ ಮೇಲೆ ಬೀಳುತ್ತದೆ.

ವಕೀಲರ ಹತ್ತಿರ ಬಿಡುವವರು ಒಂದು ಕೆಲಸ ತಪ್ಪದೆ ಮಾಡಬೇಕು. ಅವರ ಲೆಟರ್‌ಹೆಡ್‌ನಲ್ಲಿ ರಸೀದಿ ತೆಗೆದುಕೊಳ್ಳಿ: ಇಂಥ ದಿನಾಂಕದ, ಇಷ್ಟು ಪುಟದ ಮೂಲ ವಿಲ್ ನಮ್ಮಲ್ಲಿದೆ, ಮರಣ ಪ್ರಮಾಣಪತ್ರ ತೋರಿಸಿದರೆ ಇಂಥ ಎಕ್ಸಿಕ್ಯೂಟರಿಗೆ ಕೊಡುತ್ತೇವೆ ಅಂತ. ನಿಮಗಿಂತ ವಯಸ್ಸಾದ ವಕೀಲರಾದರೆ, ಅವರ ನಂತರ ಆ ಆಫೀಸಿನ ಕಡತಗಳು ಯಾರ ಕೈಗೆ ಹೋಗುತ್ತವೆ ಅಂತಲೂ ಸಂಕೋಚ ಇಲ್ಲದೆ ಕೇಳಿ.

ನೋಂದಣಿ ಬೇರೆ, ಠೇವಣಿ ಬೇರೆ

ಸರ್ಕಾರದ ಕಡೆಯಿಂದ ಎರಡು ವ್ಯವಸ್ಥೆ ಇದೆ. ಎರಡನ್ನೂ ಜನ "ರಿಜಿಸ್ಟರ್ ಮಾಡಿಸೋದು" ಅಂತಲೇ ಕರೆಯುವುದರಿಂದ ಗೊಂದಲ ಜಾಸ್ತಿ.

ಮೊದಲನೆಯದು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸುವ ಮಾಮೂಲಿ ನೋಂದಣಿ. ಇದು ಕಡ್ಡಾಯವಲ್ಲ, ಛಾಪಾ ಶುಲ್ಕವೂ ಇಲ್ಲ. ನೋಂದಣಿ ಶುಲ್ಕ ಮಾತ್ರ ಇರುತ್ತದೆ. ವಿಲ್‌ನ ನಕಲು ಕಚೇರಿಯ ದಾಖಲೆಯಲ್ಲಿ ಉಳಿಯುತ್ತದೆ, ಮೂಲ ನಿಮ್ಮ ಕೈಗೇ ವಾಪಸ್ ಬರುತ್ತದೆ. ಅಂದರೆ ಎಲ್ಲಿಡುವುದು ಅನ್ನುವ ಪ್ರಶ್ನೆ ಹಾಗೇ ಇರುತ್ತದೆ. ಆದರೆ ಮೂಲ ಕಳೆದರೂ ದೃಢೀಕೃತ ನಕಲು ಸಿಗುತ್ತದೆ ಅನ್ನುವ ಧೈರ್ಯ ಇರುತ್ತದೆ. ನೀವು ಬದುಕಿರುವಾಗ ಆ ನಕಲನ್ನು ನಿಮಗೆ ಅಥವಾ ನಿಮ್ಮ ಏಜೆಂಟರಿಗೆ ಬಿಟ್ಟು ಬೇರೆಯವರಿಗೆ ಕೊಡುವಂತಿಲ್ಲ. ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಕೊಡಬಹುದು. 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಇದು.

ಇಲ್ಲಿ ಒಂದು ಮಾತು. ಮನೆಯವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಆಸ್ತಿಯ ಇಸಿ, ಅಂದರೆ ಋಣಭಾರ ಪತ್ರ ತೆಗೆಸುವುದು. ಇಸಿಯಲ್ಲಿ ವಿಲ್ ಕಾಣಲಿಲ್ಲ, ಹಾಗಾದರೆ ವಿಲ್ ಇಲ್ಲ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಕ್ರಯ, ಅಡಮಾನ, ದಾನಪತ್ರಗಳು ಹೋಗುವುದು ನೋಂದಣಿ ಕಚೇರಿಯ 1ನೇ ಪುಸ್ತಕಕ್ಕೆ. ಇಸಿ ಬರುವುದು ಅದರಿಂದ. ವಿಲ್‌ಗಳು ಇರುವುದು 3ನೇ ಪುಸ್ತಕದಲ್ಲಿ. ನೋಂದಣಿಯಾದ ವಿಲ್ ಇದ್ದರೂ ಇಸಿಯಲ್ಲಿ ಅದು ಬರುವುದಿಲ್ಲ. ಇಡೀ ದೇಶಕ್ಕೆ ಒಂದೇ ಕಡೆ ಹೆಸರು ಹಾಕಿ ಹುಡುಕಬಹುದಾದ ಸರ್ಕಾರಿ ವಿಲ್ ಪಟ್ಟಿಯೂ ನಮ್ಮಲ್ಲಿಲ್ಲ. ಹೀಗಾಗಿ ಯಾವ ಕಚೇರಿ, ಯಾವ ವರ್ಷ, ದಸ್ತಾವೇಜು ಸಂಖ್ಯೆ ಎಷ್ಟು ಅನ್ನುವ ಮೂರು ವಿವರ ಮನೆಯವರ ಕೈಯಲ್ಲಿ ಇಲ್ಲದಿದ್ದರೆ, ನೋಂದಣಿ ಮಾಡಿಸಿದ ವಿಲ್ ಕೂಡ ಕಳೆದುಹೋದ ಹಾಗೇ.

ಎರಡನೆಯ ವ್ಯವಸ್ಥೆ ಬಹಳ ಜನಕ್ಕೆ ಗೊತ್ತೇ ಇಲ್ಲ. ಅದೇ ಕಾಯ್ದೆಯ 42ರಿಂದ 46ನೇ ಸೆಕ್ಷನ್‌ಗಳ ಪ್ರಕಾರ, ವಿಲ್ಲನ್ನು ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಹತ್ತಿರ ಠೇವಣಿ ಇಡಬಹುದು. ಹೋಗಬೇಕಾದ್ದು ತಾಲ್ಲೂಕಿನ ಸಬ್‌ರಿಜಿಸ್ಟ್ರಾರ್ ಕಚೇರಿಗಲ್ಲ, ಜಿಲ್ಲಾ ನೋಂದಣಾಧಿಕಾರಿಯ ಕಚೇರಿಗೆ. ಒಳಗೆ ಏನು ಬರೆದಿದೆ ಅಂತ ಯಾರೂ ಓದುವುದಿಲ್ಲ. ಮೇಷ್ಟ್ರಂಥವರಿಗೆ, ಅಂದರೆ ಹಂಚಿಕೆ ಈಗಲೇ ಗೊತ್ತಾದರೆ ಮನೆಯಲ್ಲಿ ಮಾತುಕತೆ ನಿಂತುಹೋಗುತ್ತದೆ ಅನ್ನುವವರಿಗೆ, ನನ್ನ ಆಯ್ಕೆ ಇದೇ.

ಮೇಷ್ಟ್ರು ಇದನ್ನು ಹೀಗೆ ಮಾಡುತ್ತಾರೆ. ಲಕೋಟೆ ಮುಚ್ಚುವ ಮೊದಲು ಕೊನೆಯ ಪುಟ ತೆಗೆದು ಮತ್ತೊಮ್ಮೆ ನೋಡುತ್ತಾರೆ: ತಮ್ಮ ಸಹಿ ಇದೆಯಾ, ಇಬ್ಬರು ಸಾಕ್ಷಿಗಳ ಸಹಿ ಇದೆಯಾ, ತಾರೀಖು ಇದೆಯಾ. ಯಾಕೆಂದರೆ ಕಚೇರಿಯವರು ಲಕೋಟೆ ಬಿಚ್ಚಿ ನೋಡುವುದಿಲ್ಲ. ಸಾಕ್ಷಿ ಸಹಿಯೇ ಇಲ್ಲದ ವಿಲ್ ಆದರೂ ಅಷ್ಟೇ ಭದ್ರವಾಗಿ ಅಲ್ಲಿ ಕೂತಿರುತ್ತದೆ, ಸತ್ತ ಮೇಲೆ ಬಿಚ್ಚಿದಾಗಲೇ ಅದು ಕೆಲಸಕ್ಕೆ ಬಾರದ್ದು ಅಂತ ತಿಳಿಯುವುದು. ಒಂದು ಜೆರಾಕ್ಸ್ ಇಟ್ಟುಕೊಂಡು, ಲಕೋಟೆಯ ಜೋಡಣೆಗಳಿಗೆಲ್ಲ ಅರಗಿನ ಮುದ್ರೆ ಒತ್ತುತ್ತಾರೆ. ಮೇಲೆ ತಮ್ಮ ಹೆಸರು, ಒಳಗಿರುವುದು ತಮ್ಮ ಉಯಿಲು ಅನ್ನುವ ಒಂದು ಸಾಲು ಬರೆಯುತ್ತಾರೆ. ಗುರುತಿನ ಚೀಟಿ, ತಮ್ಮನ್ನು ಗುರುತಿಸುವ ಪರಿಚಯಸ್ಥರು ಇವರೊಂದಿಗೆ ಶಿವಮೊಗ್ಗದ ಜಿಲ್ಲಾ ಕಚೇರಿಗೆ ಹೋಗುತ್ತಾರೆ. ಹೋಗುವ ಮುಂಚೆ ಫೋನ್ ಮಾಡಿ ಶುಲ್ಕ ಎಷ್ಟು, ಯಾವ ದಿನ ಅಧಿಕಾರಿ ಸಿಗುತ್ತಾರೆ ಅಂತ ಕೇಳಿಕೊಳ್ಳುವುದು ಒಳ್ಳೆಯದು. ದಿನಾ ಬರುವ ಕೆಲಸ ಇದಲ್ಲ, ಕೌಂಟರಿನಲ್ಲಿ ಕೂತವರಿಗೇ ಹೊಸದಾಗಿರಬಹುದು.

ಅಧಿಕಾರಿ ಲಕೋಟೆಯ ಮೇಲಿನ ಬರಹ, ಕೊಟ್ಟ ದಿನ, ಗಂಟೆ, ಗುರುತಿಸಿದವರ ಹೆಸರು, ಮುದ್ರೆಯ ಮೇಲೆ ಓದಬಹುದಾದ ಅಕ್ಷರ ಎಲ್ಲವನ್ನೂ 5ನೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಲಕೋಟೆ ಬೆಂಕಿ ತಾಗದ ಪೆಟ್ಟಿಗೆಗೆ ಹೋಗುತ್ತದೆ. ಮನಸ್ಸು ಬದಲಾದರೆ ಮೇಷ್ಟ್ರು ಅರ್ಜಿ ಕೊಟ್ಟು ವಾಪಸ್ ತೆಗೆದುಕೊಳ್ಳಬಹುದು.

ಅವರು ತೀರಿಕೊಂಡ ಮೇಲೆ ಸೋದರಳಿಯ ಮರಣ ಪ್ರಮಾಣಪತ್ರ ಹಿಡಿದು ಅದೇ ಕಚೇರಿಗೆ ಅರ್ಜಿ ಹಾಕುತ್ತಾನೆ. ಮರಣ ಖಚಿತ ಅನ್ನಿಸಿದರೆ ಅಧಿಕಾರಿ ಅವನ ಎದುರಿಗೇ ಲಕೋಟೆ ಬಿಚ್ಚಿ, ಅರ್ಜಿದಾರನ ಖರ್ಚಿನಲ್ಲಿ ಅದನ್ನು 3ನೇ ಪುಸ್ತಕಕ್ಕೆ ನಕಲು ಮಾಡಿಸುತ್ತಾರೆ. ಮೂಲ ಮತ್ತೆ ಅಲ್ಲೇ ಠೇವಣಿಗೆ ಹೋಗುತ್ತದೆ. ಕುಟುಂಬಕ್ಕೆ ಸಿಗುವುದು ದೃಢೀಕೃತ ನಕಲು. "ಒರಿಜಿನಲ್ ಕೊಡಿ" ಅಂತ ಕೌಂಟರಿನಲ್ಲಿ ಜಗಳ ಮಾಡಿ ಪ್ರಯೋಜನವಿಲ್ಲ. ಕೋರ್ಟಿಗೆ ಮೂಲ ಬೇಕಾದರೆ ಕೋರ್ಟೇ ಆದೇಶ ಮಾಡಿ ತರಿಸಿಕೊಳ್ಳುತ್ತದೆ.

ನೋಂದಣಿಯಾಗಲಿ ಠೇವಣಿಯಾಗಲಿ, ಅದೇ ಕೊನೆಯ ವಿಲ್ ಅನ್ನುವುದಕ್ಕೆ ಖಾತ್ರಿ ಅಲ್ಲ. ಅದಾದ ಮೇಲೆ ಬಿಳಿ ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿಗಳ ಎದುರು ಸರಿಯಾಗಿ ಸಹಿ ಮಾಡಿದ ಇನ್ನೊಂದು ವಿಲ್ ಇದ್ದರೆ ಅದೇ ನಿಲ್ಲುತ್ತದೆ.

ಒಂದು ಪುಟದ ಚೀಟಿ

ವಿಲ್ ಎಲ್ಲೇ ಇರಲಿ, ಈ ಚೀಟಿ ಇಲ್ಲದಿದ್ದರೆ ಮೇಲಿನದ್ದೆಲ್ಲ ವ್ಯರ್ಥ. ಒಳಗೆ ಏನಿದೆ ಅನ್ನುವುದನ್ನು ಗುಟ್ಟಾಗಿಡಿ, ಎಲ್ಲಿದೆ ಅನ್ನುವುದನ್ನು ಗುಟ್ಟಾಗಿಡಬೇಡಿ. ಮೇಷ್ಟ್ರ ಚೀಟಿ ಹೀಗಿರುತ್ತದೆ:

"ನಾನು ವಿಲ್ ಬರೆದಿದ್ದೇನೆ. ಬರೆದ ದಿನಾಂಕ ಇಂಥದ್ದು, ಒಟ್ಟು 4 ಪುಟ. ಮೂಲ ಪ್ರತಿ ಶಿವಮೊಗ್ಗದ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುಚ್ಚಿದ ಲಕೋಟೆಯಲ್ಲಿದೆ. ಠೇವಣಿ ಇಟ್ಟ ದಿನಾಂಕ ಮತ್ತು ರಸೀದಿ ಸಂಖ್ಯೆ ಇಂಥದ್ದು. ರಸೀದಿ ಮನೆಯ ಬೀರುವಿನ ಮೇಲಿನ ಖಾನೆಯ ಸ್ಟೀಲ್ ಡಬ್ಬಿಯಲ್ಲಿದೆ. ಎಕ್ಸಿಕ್ಯೂಟರ್ ನನ್ನ ಸೋದರಳಿಯ, ಅವನ ಫೋನ್ ನಂಬರ್ ಇದು. ಸಾಕ್ಷಿ ಹಾಕಿದವರು ಇಬ್ಬರು, ಅವರ ವಿಳಾಸ, ಫೋನ್ ನಂಬರ್ ಇವು."

ಸಾಕ್ಷಿಗಳ ವಿಳಾಸ ಯಾಕೆ ಅಂದರೆ, ವಿಲ್ ಕೋರ್ಟಿಗೆ ಹೋದರೆ ಸಹಿ ಹಾಕಿದ ಸಾಕ್ಷಿಗಳಲ್ಲಿ ಒಬ್ಬರಾದರೂ, ಬದುಕಿದ್ದರೆ, ಬಂದು ಹೇಳಿಕೆ ಕೊಡಬೇಕು. ಇಪ್ಪತ್ತು ವರ್ಷದ ಹಿಂದೆ ಸಹಿ ಹಾಕಿದ ಸಹೋದ್ಯೋಗಿ ಈಗ ಯಾವ ಊರಿನಲ್ಲಿದ್ದಾರೆ ಅಂತ ಮಗಳು ಅಮೆರಿಕದಿಂದ ಹುಡುಕುವುದು ಹೇಗೆ?

ಚೀಟಿಯಲ್ಲಿ ಆಸ್ತಿಯ ವಿಷಯ, ಯಾರಿಗೆ ಏನು ಅನ್ನುವ ವಿಷಯ ಒಂದಕ್ಷರವೂ ಬೇಡ. ಬರೆದರೆ ಅದನ್ನೇ ಇನ್ನೊಂದು ವಿಲ್ ಅಂತ ಎಳೆದಾಡುವವರು ಹುಟ್ಟಿಕೊಳ್ಳುತ್ತಾರೆ. ಒಂದು ಪ್ರತಿ ಎಕ್ಸಿಕ್ಯೂಟರಿಗೆ, ಒಂದು ಹೆಂಡತಿಗೆ, ಒಂದೊಂದು ಮಗ ಮಗಳಿಬ್ಬರಿಗೂ. ಇಬ್ಬರಿಗೂ ಒಂದೇ ದಿನ ಕಳಿಸಿ, ವಾಟ್ಸಾಪಿನಲ್ಲಿ ಫೋಟೋ ಹಾಕಿದರೂ ಸರಿ. ಎಲ್ಲರಿಗೂ ಗೊತ್ತಿರುವ ಕಾಗದವನ್ನು ಮುಚ್ಚಿಹಾಕುವುದು ಕಷ್ಟ.

ಫೋನಿನಲ್ಲಿ, ಇಮೇಲಿನಲ್ಲಿ ಇರುವ ಸ್ಕ್ಯಾನ್ ಪ್ರತಿ ಹುಡುಕುವವರಿಗೆ ದಾರಿ ತೋರಿಸಲು ಮಾತ್ರ. ಮಾಹಿತಿ ತಂತ್ರಜ್ಞಾನ ಕಾಯ್ದೆ ವಿಲ್ಲನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಡಿಜಿಟಲ್ ಸಹಿ ಹಾಕಿದ ಪಿಡಿಎಫ್ ವಿಲ್ ಆಗುವುದಿಲ್ಲ.

ಹೊಸ ವಿಲ್ ಬರೆದರೆ

ಹಳೆಯದನ್ನು ಮೊದಲು ಕೈಗೆ ತೆಗೆದುಕೊಳ್ಳಿ. ಜಿಲ್ಲಾ ಕಚೇರಿಯಲ್ಲಿದ್ದರೆ ವಾಪಸ್ ತನ್ನಿ, ವಕೀಲರ ಹತ್ತಿರ ಇದ್ದರೆ ಕೇಳಿ ಪಡೆಯಿರಿ. ಹೊಸ ವಿಲ್‌ನಲ್ಲಿ ಹಳೆಯದರ ದಿನಾಂಕ, ನೋಂದಣಿ ಸಂಖ್ಯೆ ಹಾಕಿ ಅದನ್ನು ರದ್ದು ಮಾಡಿದ್ದೇನೆ ಅಂತ ಸ್ಪಷ್ಟವಾಗಿ ಬರೆಯಿರಿ. ಆಮೇಲೆ ಹಳೇ ಚೀಟಿ ಯಾರ ಯಾರ ಹತ್ತಿರ ಇದೆಯೋ ಅವರಿಗೆಲ್ಲ ಹೊಸ ಚೀಟಿ ಕಳಿಸಿ. ಈ ಕೊನೆಯ ಕೆಲಸವನ್ನೇ ಜನ ಮರೆಯುವುದು. ಮಗ ಹಳೇ ಚೀಟಿ ಹಿಡಿದು ಹೋಗಿ, ರದ್ದಾದ ವಿಲ್‌ನ ನಕಲು ತೆಗೆಸಿ, ಖಾತೆ ಬದಲಾವಣೆಗೆ ಅರ್ಜಿಯನ್ನೂ ಹಾಕಿಬಿಟ್ಟಿರುತ್ತಾನೆ.

ನೀವು ಹುಡುಕುವ ಕಡೆಯವರಾಗಿದ್ದರೆ

ಚೀಟಿ ಇಲ್ಲ, ಆದರೆ ಅಪ್ಪ ವಿಲ್ ಬರೆದಿದ್ದಾರೆ ಅನ್ನುವ ಅನುಮಾನ ಇದೆ ಅಂದುಕೊಳ್ಳಿ. ಪೌತಿ ಖಾತೆಗೆ ಓಡುವ ಮೊದಲು ಸ್ವಲ್ಪ ತಡೆಯಿರಿ. ಬೀರು, ದೇವರ ಮನೆಯ ಪೆಟ್ಟಿಗೆ, ಬ್ಯಾಂಕ್ ಪಾಸ್‌ಬುಕ್ಕುಗಳ ಕಟ್ಟು ನೋಡುವಾಗ ವಿಲ್ ಒಂದನ್ನೇ ಹುಡುಕಬೇಡಿ. ನೋಂದಣಿ ಶುಲ್ಕದ ರಸೀದಿ, ವಕೀಲರಿಗೆ ಹಣ ಕೊಟ್ಟ ಚೆಕ್ಕಿನ ನಮೂದು, ಲಾಕರ್ ಬಾಡಿಗೆ ಕಡಿತವಾದ ಸಾಲು, ಇಂಥವೇ ಸುಳಿವು. ಅವರ ಕ್ರಯಪತ್ರ ಬರೆದ ಪತ್ರ ಬರಹಗಾರರನ್ನು ಕೇಳಿ. ಊರಿನಲ್ಲಿ ವಿಲ್ ಬರೆಸುವವರೂ ಬಹಳ ಸಲ ಅವರ ಹತ್ತಿರವೇ ಹೋಗಿರುತ್ತಾರೆ. ಆಮೇಲೆ ಅವರು ವಾಸವಿದ್ದ, ಆಸ್ತಿ ಇದ್ದ ಊರುಗಳ ಸಬ್‌ರಿಜಿಸ್ಟ್ರಾರ್ ಕಚೇರಿಗಳಲ್ಲಿ ಮರಣ ಪ್ರಮಾಣಪತ್ರ ಲಗತ್ತಿಸಿ, 3ನೇ ಪುಸ್ತಕದ ಸೂಚಿಯಲ್ಲಿ ಅವರ ಹೆಸರು ಹುಡುಕಿ ಕೊಡಿ ಅಂತ ಅರ್ಜಿ ಹಾಕಿ. ಅರ್ಜಿಯಲ್ಲಿ "3ನೇ ಪುಸ್ತಕ" ಅಂತಲೇ ಬರೆಯಿರಿ, ಇಲ್ಲದಿದ್ದರೆ ಇಸಿ ತೆಗೆದು ಕೈಗಿಡುತ್ತಾರೆ. ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುಚ್ಚಿದ ಲಕೋಟೆ ಇದೆಯಾ ಅಂತ ಬೇರೆಯೇ ಅರ್ಜಿ.

ನೋಂದಣಿಯಾಗದ ವಿಲ್ ಮನೆಯಲ್ಲೇ ಸಿಕ್ಕಿತು ಅಂದರೆ ಗಾಬರಿ ಬೇಡ. ಬರೆದವರು ತೀರಿಕೊಂಡ ಮೇಲೂ ಎಕ್ಸಿಕ್ಯೂಟರ್ ಅಥವಾ ವಿಲ್‌ನಿಂದ ಆಸ್ತಿ ಪಡೆಯುವವರು ಅದನ್ನು ನೋಂದಣಿಗೆ ಹಾಜರುಪಡಿಸಬಹುದು. ಇದಕ್ಕೆ ಕಾಲಮಿತಿ ಇಲ್ಲ. ಸಿಕ್ಕ ಕೂಡಲೇ ಇಬ್ಬರು ಮೂವರ ಎದುರು ಎಲ್ಲಾ ಪುಟಗಳ ಫೋಟೋ ತೆಗೆದು, ಎಲ್ಲಾ ವಾರಸುದಾರರಿಗೂ ಕಳಿಸಿ. ಪಿನ್ನು ಕಿತ್ತು ಸ್ಕ್ಯಾನ್ ಮಾಡಲು ಹೋಗಬೇಡಿ, ಪುಟ ಬದಲಾಯಿಸಿದರು ಅನ್ನುವ ಮಾತು ಬರುತ್ತದೆ.

ವಿಲ್ ಒಬ್ಬರ ಹತ್ತಿರ ಇರುವುದು ಗೊತ್ತು, ಅವರು ಕೊಡುತ್ತಿಲ್ಲ ಅನ್ನುವ ಸ್ಥಿತಿಗೂ ದಾರಿ ಇದೆ. ಉತ್ತರಾಧಿಕಾರ ಕಾಯ್ದೆಯ 267ನೇ ಸೆಕ್ಷನ್ ಅಡಿ, ಅದನ್ನು ತಂದು ಹಾಜರುಪಡಿಸಿ ಅಂತ ಜಿಲ್ಲಾ ನ್ಯಾಯಾಧೀಶರು ಅವರಿಗೆ ಆದೇಶ ಮಾಡಬಹುದು. ವಕೀಲರನ್ನು ನೋಡಲು ಹೋಗುವಾಗ ಮರಣ ಪ್ರಮಾಣಪತ್ರದ ಜೊತೆ, ವಿಲ್ ಅವರ ಹತ್ತಿರವೇ ಇದೆ ಅನ್ನುವುದಕ್ಕೆ ಏನು ಆಧಾರ ಇದೆಯೋ ಅದನ್ನು ಒಯ್ಯಿರಿ. ಹಳೇ ವಾಟ್ಸಾಪ್ ಮೆಸೇಜು, ರಸೀದಿ, ಮೇಲೆ ಹೇಳಿದ ಚೀಟಿ, ಯಾವುದಾದರೂ ಸರಿ.